ಬಾಗ್ದಾದಿನ ಅನುವಾದಕರು: ಹುನೈನ್ ಬಿನ್ ಇಸ್ಹಾಕ್ ಮತ್ತು ಅವರ ನಂತರ ಬಂದವರು
(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಬ್ಬಾಸಿ ಖಲೀಫರ ಕಾಲದ ವಿಜ್ಞಾನದ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಯವರು ಹೇಳಿದಾಗ ನಾನು ಸ್ವಲ್ಪ ಹಿಂಜರಿದೆ. ನಾನು ವಿಜ್ಞಾನದ ಅಧ್ಯಾಪಕನಲ್ಲ. ಬೆಳಿಗ್ಗೆ ಉರ್ದು, ಮಧ್ಯಾಹ್ನ ಕನ್ನಡ ಪಾಠ ಮಾಡುವ ಮೇಷ್ಟ್ರು. ಆದರೆ ಯೋಚಿಸಿದಾಗ, ಆ ವಿಜ್ಞಾನದ ಮೊದಲ ನೂರು ನೂರೈವತ್ತು ವರ್ಷದ ಕಥೆ ಹೆಚ್ಚಾಗಿ ನನ್ನಂಥ ಎರಡು ಭಾಷೆಯವರ ಕಥೆಯೇ ಎಂದು ಹೊಳೆಯಿತು. ಆದ್ದರಿಂದ ಇಂದು ತರ್ಜುಮಾ ಮಾಡಿದವರ ಬಗ್ಗೆ ಹೇಳುತ್ತೇನೆ. ಮುಖ್ಯವಾಗಿ ಒಬ್ಬರ ಬಗ್ಗೆ, ವೈದ್ಯಶಾಸ್ತ್ರ ಎಂಬ ಒಂದು ವಿಷಯವನ್ನು ಹಿಡಿದುಕೊಂಡು.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತಿ ವರ್ಷ ಪ್ರಬಂಧ ಸ್ಪರ್ಧೆಯಲ್ಲಿ ನಮ್ಮ ಮಕ್ಕಳು “ಎಲ್ಲ ವಿಜ್ಞಾನವನ್ನೂ ಮುಸ್ಲಿಮರೇ ಕಂಡುಹಿಡಿದರು” ಎಂದು ಬರೆಯುತ್ತಾರೆ. ನಾನು ಅದಕ್ಕೆ ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ. ಕೆಲವು ಪೋಷಕರಿಗೆ ಬೇಸರವಾಗುತ್ತದೆ. ಆದರೆ ಆ ಕಾಲದ ವಿದ್ವಾಂಸರೇ ಹಾಗೆ ಹೇಳಿಕೊಳ್ಳಲಿಲ್ಲ. ಯಾವ ಪುಸ್ತಕ ಯಾವ ಭಾಷೆಯಿಂದ, ಯಾರ ಕೈಯಿಂದ, ಯಾರ ಹಣದಿಂದ ಬಂತೆಂಬುದನ್ನು ಅವರು ಹೆಸರು ಹಿಡಿದು ಬರೆದಿಟ್ಟಿದ್ದಾರೆ. ಅವರು ಬರೆದಿಟ್ಟ ಲೆಕ್ಕವನ್ನೇ ಇವತ್ತು ಬಿಚ್ಚಿ ನೋಡೋಣ.

ಖಲೀಫ ಮನ್ಸೂರ್ ಬಾಗ್ದಾದ್ ನಗರವನ್ನು ಕಟ್ಟಿಸಲು ಆರಂಭಿಸಿದ್ದು 762ರಲ್ಲಿ. ಸುಮಾರು ಹತ್ತು ವರ್ಷ ಕಳೆಯುವುದರೊಳಗೆ, 770ರ ದಶಕದ ಆರಂಭದಲ್ಲಿ, ಸಿಂಧ್ ಪ್ರಾಂತದಿಂದ ಹೋದ ನಿಯೋಗದೊಂದಿಗೆ ಒಬ್ಬ ಭಾರತೀಯ ಪಂಡಿತ ಖಗೋಳ ಗ್ರಂಥವೊಂದನ್ನು ಅವರ ದರ್ಬಾರಿಗೆ ಕೊಂಡೊಯ್ದ. ಬ್ರಹ್ಮಗುಪ್ತನ ಸಂಪ್ರದಾಯಕ್ಕೆ ಸೇರಿದ ಆ ಗ್ರಂಥ ಅರಬ್ಬಿಯಲ್ಲಿ ‘ಸಿಂದ್‌ಹಿಂದ್’ ಎಂದಾಯಿತು. ನಮ್ಮ ‘ಸಿದ್ಧಾಂತ’ ಎಂಬ ಪದ ಅರಬ್ಬರ ನಾಲಿಗೆಯಲ್ಲಿ ಪಡೆದ ರೂಪ ಅದು. ಮುಂದೆ ಹಾರೂನ್ ರಶೀದರ ವಜೀರ ಯಹ್ಯಾ ಬಿನ್ ಖಾಲಿದ್ ಬರ್ಮಕಿ ಮಂಕ ಎಂಬ ಭಾರತೀಯ ವೈದ್ಯನಿಂದ ಸುಶ್ರುತ ಸಂಹಿತೆಯನ್ನು ಅರಬ್ಬಿಗೆ ತರಿಸಿದ. ಈ ಬರ್ಮಕಿ ಮನೆತನದ ಪೂರ್ವಿಕರು ಬಲ್ಖ್ ಪಟ್ಟಣದ ಬೌದ್ಧ ವಿಹಾರದ ಮುಖ್ಯಸ್ಥರಾಗಿದ್ದವರು, ಹಾಗಾಗಿ ಭಾರತದ ವಿದ್ಯೆ ಅವರಿಗೆ ಅಪರಿಚಿತವಲ್ಲ. ಚರಕ ಸಂಹಿತೆ ಮೊದಲು ಫಾರ್ಸಿಗೆ, ಅಲ್ಲಿಂದ ಅರಬ್ಬಿಗೆ ಹೋಯಿತು. ಇರಾನಿನ ಜುಂದಿಶಾಪುರದ ವೈದ್ಯರು ಸಿರಿಯಾಕ್ ಭಾಷೆಯಲ್ಲಿ ಗ್ರೀಕ್ ವೈದ್ಯವನ್ನು ಓದುತ್ತಿದ್ದರು. ಹೀಗೆ ಭಾರತ, ಇರಾನ್, ಗ್ರೀಸ್ ಮೂರರ ಪುಸ್ತಕಗಳೂ ಒಂದೇ ಊರಿಗೆ ಬಂದು ಸೇರುತ್ತಿದ್ದ ಕಾಲದಲ್ಲಿ, ಸುಮಾರು 808ರಲ್ಲಿ, ಇರಾಕಿನ ಹೀರಾ ಎಂಬ ಊರಿನ ಔಷಧ ವ್ಯಾಪಾರಿಯೊಬ್ಬನ ಮನೆಯಲ್ಲಿ ಹುನೈನ್ ಹುಟ್ಟಿದರು.

ಹುನೈನ್ ಬಿನ್ ಇಸ್ಹಾಕ್ ಮುಸ್ಲಿಮರಲ್ಲ. ಅವರು ಪೂರ್ವ ಸಿರಿಯಾಕ್ ಚರ್ಚಿಗೆ ಸೇರಿದ ಅರಬ್ ಕ್ರೈಸ್ತರು. ಮನೆಯ ಮಾತು, ಪ್ರಾರ್ಥನೆಯ ಮಾತು, ಊರಿನ ಮಾತು ಬೇರೆ ಬೇರೆಯಾಗಿದ್ದರಿಂದ ಚಿಕ್ಕಂದಿನಲ್ಲೇ ಅರಬ್ಬಿ ಮತ್ತು ಸಿರಿಯಾಕ್ ಎರಡೂ ಬಂದವು. ಬಾಗ್ದಾದಿನಲ್ಲಿ ಯುಹನ್ನ ಬಿನ್ ಮಾಸವೈಹ್ ಎಂಬ ಹೆಸರಾಂತ ಹಕೀಮರ ಬಳಿ ವೈದ್ಯ ಕಲಿಯಲು ಸೇರಿದರು. ಹುಡುಗ ವಿಪರೀತ ಪ್ರಶ್ನೆ ಕೇಳುತ್ತಿದ್ದ. ಉಸ್ತಾದರಿಗೆ ಒಂದು ದಿನ ತಾಳ್ಮೆ ತಪ್ಪಿತು. ಹೀರಾದವರಿಗೆ ವೈದ್ಯವೇಕೆ, ಬೀದಿಯಲ್ಲಿ ಕುಳಿತು ಚಿಲ್ಲರೆ ಕಾಸು ಬದಲಾಯಿಸುವ ಕೆಲಸ ಮಾಡು ಹೋಗು ಎಂದು ಮನೆಯಿಂದ ಹೊರಗೆ ಹಾಕಿದರಂತೆ. ಹುನೈನ್ ಅಳುತ್ತಾ ಹೊರಟುಹೋದರು. ಕೆಲವು ವರ್ಷ ಯಾರಿಗೂ ಅವರ ಸುದ್ದಿಯಿಲ್ಲ. ಮತ್ತೆ ಕಾಣಿಸಿಕೊಂಡಾಗ ತಲೆಗೂದಲು ಬೆಳೆಸಿಕೊಂಡು, ಅತ್ತಿಂದಿತ್ತ ನಡೆಯುತ್ತ, ಹೋಮರನ ಗ್ರೀಕ್ ಕಾವ್ಯವನ್ನು ಬಾಯಿಪಾಠ ಹೇಳುತ್ತಿದ್ದರು. ಹೊರಗೆ ಹಾಕಿದ ಅದೇ ಯುಹನ್ನ ಮುಂದೆ ಅವರಿಂದ ಪುಸ್ತಕಗಳನ್ನು ಅನುವಾದ ಮಾಡಿಸಿಕೊಂಡರು.

ಹುನೈನ್ ಆರಿಸಿಕೊಂಡದ್ದು ಗ್ಯಾಲೆನ್ ಎಂಬ ಗ್ರೀಕ್ ವೈದ್ಯನ ಗ್ರಂಥಗಳನ್ನು. ನಮ್ಮ ಯುನಾನಿ ಹಕೀಮರು ‘ಜಾಲೀನೂಸ್’ ಎನ್ನುವುದು ಇವನನ್ನೇ. ಕ್ರಿ.ಶ. 129ರಲ್ಲಿ ಪೆರ್ಗಮಮ್ ಎಂಬಲ್ಲಿ ಹುಟ್ಟಿ ರೋಮಿನಲ್ಲಿ ಹೆಸರು ಮಾಡಿದವನು. ಎಷ್ಟು ಬರೆದಿದ್ದನೆಂದರೆ, ಹುನೈನ್ ತಮ್ಮ ಸ್ನೇಹಿತರೊಬ್ಬರಿಗೆ ಬರೆದ ದೀರ್ಘ ಪತ್ರದಲ್ಲಿ ಅವನ 129 ಪುಸ್ತಕಗಳ ಪಟ್ಟಿ ಕೊಟ್ಟಿದ್ದಾರೆ. ಒಂದೊಂದು ಪುಸ್ತಕದ ಮುಂದೆಯೂ ಇದನ್ನು ಹಿಂದೆ ಯಾರು ಅನುವಾದಿಸಿದ್ದರು, ಅದು ಹೇಗಿತ್ತು, ನಾನು ಯಾರಿಗಾಗಿ ಮಾಡಿದೆ, ನನ್ನ ಕೈಯಲ್ಲಿದ್ದ ಗ್ರೀಕ್ ಪ್ರತಿ ಒಳ್ಳೆಯದೋ ಕೆಟ್ಟದ್ದೋ ಎಂದು ಬರೆದಿದ್ದಾರೆ. ಈ ಪತ್ರ ಉಳಿದು ಬಂದದ್ದು ನಮ್ಮ ಪುಣ್ಯ. ಜರ್ಮನ್ ವಿದ್ವಾಂಸ ಬೆರ್ಗ್‌ಸ್ಟ್ರಾಸರ್ ಅದನ್ನು 1925ರಲ್ಲಿ ಅಚ್ಚು ಮಾಡಿಸಿದರು.

ಆ ಪತ್ರದಲ್ಲಿರುವ ಒಂದು ಪುಸ್ತಕದ ಕಥೆಯನ್ನು ಪೂರ್ತಿ ಹೇಳುತ್ತೇನೆ. ವೈದ್ಯರಲ್ಲಿರುವ ಬೇರೆ ಬೇರೆ ಪಂಥಗಳ ಬಗ್ಗೆ ಗ್ಯಾಲೆನ್ ಹೊಸ ವಿದ್ಯಾರ್ಥಿಗಳಿಗಾಗಿ ಬರೆದ ಒಂದು ಚಿಕ್ಕ ಪುಸ್ತಕ ಅದು. ಮೊದಲೊಬ್ಬರು ಅದನ್ನು ಸಿರಿಯಾಕಿಗೆ ತಂದಿದ್ದರು, ಆದರೆ ಬಹಳ ದುರ್ಬಲ ಅನುವಾದ. ಹುನೈನ್ ತಮಗೆ ಇಪ್ಪತ್ತು ಇಪ್ಪತ್ತೊಂದು ವರ್ಷವಾಗಿದ್ದಾಗ ಜುಂದಿಶಾಪುರದ ಒಬ್ಬ ವೈದ್ಯರಿಗಾಗಿ ಮತ್ತೆ ಅನುವಾದಿಸಿದರು. ಕೈಯಲ್ಲಿದ್ದ ಗ್ರೀಕ್ ಹಸ್ತಪ್ರತಿಯಲ್ಲಿ ತುಂಬಾ ತಪ್ಪುಗಳಿದ್ದವು, ಅಲ್ಲಲ್ಲಿ ಭಾಗಗಳೇ ಇರಲಿಲ್ಲ. ಇಪ್ಪತ್ತು ವರ್ಷ ಕಳೆಯಿತು. ನಲವತ್ತರ ವಯಸ್ಸಿನಲ್ಲಿ ಅವರ ಶಿಷ್ಯ, ತಂಗಿಯ ಅಥವಾ ಅಕ್ಕನ ಮಗ ಹುಬೈಷ್, ಅದನ್ನು ತಿದ್ದಿಕೊಡಿ ಎಂದು ಕೇಳಿದ. ಅಷ್ಟರಲ್ಲಿ ಅವರ ಬಳಿ ಅದೇ ಪುಸ್ತಕದ ಹಲವು ಗ್ರೀಕ್ ಪ್ರತಿಗಳು ಸೇರಿದ್ದವು. ಅವರು ನೇರವಾಗಿ ಅನುವಾದಕ್ಕೆ ಕೈ ಹಾಕಲಿಲ್ಲ. ಮೊದಲು ಗ್ರೀಕ್ ಪ್ರತಿಗಳನ್ನು ಒಂದಕ್ಕೊಂದು ಹೋಲಿಸಿ ಸರಿಯಾದ ಒಂದು ಗ್ರೀಕ್ ಪ್ರತಿಯನ್ನು ಸಿದ್ಧಪಡಿಸಿದರು. ಆಮೇಲೆ ತಮ್ಮ ಹಳೆಯ ಸಿರಿಯಾಕ್ ಅನುವಾದವನ್ನು ಅದರ ಪಕ್ಕದಲ್ಲಿಟ್ಟು ತಿದ್ದಿದರು. ಮತ್ತೆ ಕೆಲವು ವರ್ಷದ ನಂತರ ಮುಹಮ್ಮದ್ ಬಿನ್ ಮೂಸಾ ಎಂಬ ಶ್ರೀಮಂತ ಗಣಿತಜ್ಞರಿಗಾಗಿ ಅದನ್ನು ಅರಬ್ಬಿಗೆ ತಂದರು. ತಾವು ಅನುವಾದಿಸುವ ಎಲ್ಲ ಪುಸ್ತಕಗಳಲ್ಲೂ ಹೀಗೆಯೇ ಮಾಡುವುದು ತಮ್ಮ ಪದ್ಧತಿ ಎಂದು ಬರೆದಿದ್ದಾರೆ.

ಹಲವು ಪ್ರತಿ ಏಕೆ ಬೇಕೆಂದು ಮಕ್ಕಳು ಕೇಳಬಹುದು. ನೀವು ಕರಿಹಲಗೆ ನೋಡಿ ನೋಟ್ಸ್ ಬರೆದುಕೊಳ್ಳುವಾಗ ಏನಾಗುತ್ತದೆ? ಎರಡು ಸಾಲು ಒಂದೇ ಪದದಲ್ಲಿ ಮುಗಿದಿದ್ದರೆ, ಕಣ್ಣು ಮೊದಲ ಸಾಲಿನಿಂದ ನೇರವಾಗಿ ಎರಡನೆಯದರ ಕೊನೆಗೆ ಹಾರುತ್ತದೆ, ಮಧ್ಯದ ಸಾಲು ಬಿಟ್ಟುಹೋಗುತ್ತದೆ. ನಿಮ್ಮ ನೋಟ್ಸ್ ನೋಡಿ ಬರೆದುಕೊಂಡವನಿಗೂ ಅದು ಸಿಗುವುದಿಲ್ಲ. ಕೈಬರಹದ ಕಾಲದಲ್ಲಿ ಆರುನೂರು ಏಳುನೂರು ವರ್ಷ ನಕಲಿನಿಂದ ನಕಲು ಇಳಿದು ಬಂದ ಪುಸ್ತಕದ ಗತಿ ಊಹಿಸಿಕೊಳ್ಳಿ. ಔಷಧದ ಪುಸ್ತಕದಲ್ಲಿ ಒಂದು ಸಾಲು ಬಿಟ್ಟುಹೋದರೆ ಅದು ಬರೀ ವ್ಯಾಕರಣದ ತಪ್ಪಲ್ಲ, ರೋಗಿಯ ಪ್ರಾಣಕ್ಕೆ ಬರುವ ತಪ್ಪು. ಒಂದು ಪ್ರತಿಯಲ್ಲಿ ಬಿಟ್ಟದ್ದು ಇನ್ನೊಂದರಲ್ಲಿ ಇದ್ದೀತೆಂಬ ಆಸೆಯಿಂದಲೇ ಹುನೈನ್ ಊರೂರು ಅಲೆದರು. ಗ್ಯಾಲೆನ್‌ನ ‘ಪ್ರಮಾಣ’ ಕುರಿತ ಒಂದು ಗ್ರಂಥಕ್ಕಾಗಿ ಇರಾಕ್, ಸಿರಿಯಾ, ಪ್ಯಾಲೆಸ್ತೀನ್, ಈಜಿಪ್ಟ್ ಸುತ್ತಿ ಅಲೆಕ್ಸಾಂಡ್ರಿಯಾದವರೆಗೆ ಹೋದರಂತೆ. ಕೊನೆಗೆ ದಮಾಸ್ಕಸಿನಲ್ಲಿ ಸಿಕ್ಕಿದ್ದು ಸುಮಾರು ಅರ್ಧ ಭಾಗ, ಅದೂ ಕ್ರಮ ತಪ್ಪಿದ್ದು.

ಹಣದ ವಿಷಯವನ್ನೂ ಹೇಳಬೇಕು. ಅನುವಾದಿಸಿದ ಪುಸ್ತಕವನ್ನು ತಕ್ಕಡಿಯಲ್ಲಿಟ್ಟು ಖಲೀಫ ಮಾಮೂನ್ ಅಷ್ಟೇ ತೂಕದ ಚಿನ್ನ ಕೊಡುತ್ತಿದ್ದರು, ಅದಕ್ಕೇ ಹುನೈನ್ ದಪ್ಪ ಕಾಗದದ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸುತ್ತಿದ್ದರು ಎಂಬ ಕಥೆ ಎಲ್ಲ ಭಾಷಣಗಳಲ್ಲೂ ಬರುತ್ತದೆ. ಇದನ್ನು ಬರೆದಿಟ್ಟವರು ನಾನೂರು ವರ್ಷದ ನಂತರದ ಇಬ್ನ್ ಅಬೀ ಉಸೈಬಿಆ. ಅವರು ಆ ದಪ್ಪ ಕಾಗದದ ಪುಸ್ತಕಗಳನ್ನು ಸ್ವತಃ ನೋಡಿದ್ದರು. ದಪ್ಪವಾಗಿದ್ದುದರಿಂದಲೇ ಅವು ಅಷ್ಟು ವರ್ಷ ಬಾಳಿದವೆಂದೂ ಬರೆದಿದ್ದಾರೆ. ಕಾಗದದ ಮಾತು ನಿಜವಿರಬೇಕು. ಚಿನ್ನದ ತಕ್ಕಡಿಯನ್ನು ನಾನು ಅಷ್ಟಾಗಿ ನಂಬುವುದಿಲ್ಲ, ಏಕೆಂದರೆ ಮಾಮೂನ್ 833ರಲ್ಲಿ ತೀರಿಕೊಂಡಾಗ ಹುನೈನ್ ಇನ್ನೂ ಇಪ್ಪತ್ತೈದರ ಆಸುಪಾಸಿನ ಯುವಕ. ನಂಬಬಹುದಾದ ಲೆಕ್ಕ ಬೇರೆ ಇದೆ. ಮೂಸಾ ಅವರ ಮೂವರು ಮಕ್ಕಳು, ಆಗಲೇ ಹೇಳಿದ ಮುಹಮ್ಮದ್ ಮತ್ತು ಅವರ ತಮ್ಮಂದಿರು, ಹುನೈನ್, ಹುಬೈಷ್, ಹರ್ರಾನಿನ ಸಾಬಿತ್ ಬಿನ್ ಖುರ್ರಾ ಮೊದಲಾದವರ ತಂಡಕ್ಕೆ ತಿಂಗಳಿಗೆ ಸುಮಾರು 500 ದೀನಾರ್ ಕೊಡುತ್ತಿದ್ದರು. ದೀನಾರ್ ಎಂದರೆ ನಾಲ್ಕೂಕಾಲು ಗ್ರಾಂ ಚಿನ್ನದ ನಾಣ್ಯ. ತಿಂಗಳಿಗೆ ಎರಡು ಕೆಜಿಗಿಂತ ಹೆಚ್ಚು ಚಿನ್ನವಾಯಿತು! ಇದು ಸರ್ಕಾರದ ಖಜಾನೆಯದಲ್ಲ, ಒಂದು ಮನೆತನದ ಸ್ವಂತ ಹಣ. ‘ಬೈತುಲ್ ಹಿಕ್ಮ’ದ ಹೆಸರನ್ನು ನಾವೆಲ್ಲ ಕೇಳಿದ್ದೇವೆ. ಆದರೆ ಹುನೈನ್ ತಮ್ಮ ಪತ್ರದಲ್ಲಿ ಅದನ್ನು ಎತ್ತುವುದೇ ಇಲ್ಲ. ಅವರು ಹೆಸರಿಸುವುದು ಪುಸ್ತಕ ಬೇಕೆಂದು ಬಂದ ವೈದ್ಯರನ್ನು, ಮಂತ್ರಿಗಳನ್ನು, ಗಣಿತಜ್ಞರನ್ನು.

ಇನ್ನು ಅನುವಾದದ ರೀತಿ. ಆಗ ಎರಡು ಪದ್ಧತಿಗಳಿದ್ದವೆಂದು ಸಫದಿ ಎಂಬ 14ನೇ ಶತಮಾನದ ಲೇಖಕರು ಬರೆದಿದ್ದಾರೆ. ಮೊದಲಿನವರು ಒಂದು ಗ್ರೀಕ್ ಪದ ನೋಡಿ, ಅದಕ್ಕೊಂದು ಅರಬ್ಬಿ ಪದ ಇಟ್ಟು, ಮುಂದಿನ ಪದಕ್ಕೆ ಹೋಗುತ್ತಿದ್ದರು. ಹುನೈನ್ ಹಾಗಲ್ಲ. ಪೂರ್ತಿ ವಾಕ್ಯ ಓದಿ, ಅರ್ಥವನ್ನು ಮನಸ್ಸಿನಲ್ಲಿ ತುಂಬಿಕೊಂಡು, ಅದನ್ನು ಅರಬ್ಬಿಯ ಜಾಯಮಾನದ ವಾಕ್ಯದಲ್ಲಿ ಹೇಳುತ್ತಿದ್ದರು. ಎರಡರ ವ್ಯತ್ಯಾಸ ನನಗೆ ತರಗತಿಯಲ್ಲಿ ದಿನವೂ ಕಾಣುತ್ತದೆ. ಉರ್ದುವಿನಲ್ಲಿ ‘ದಾಂತ್ ಖಟ್ಟೇ ಕರ್‌ನಾ’ ಎಂದರೆ ಎದುರಾಳಿಯನ್ನು ಚೆನ್ನಾಗಿ ಸೋಲಿಸುವುದು. ನನ್ನ ಒಬ್ಬ ವಿದ್ಯಾರ್ಥಿ ಅದನ್ನು ಕನ್ನಡಕ್ಕೆ ತಂದಾಗ “ಸುಲ್ತಾನನು ಶತ್ರುಗಳ ಹಲ್ಲುಗಳನ್ನು ಹುಳಿ ಮಾಡಿದನು” ಎಂದು ಬರೆದಿದ್ದ. ಇಡೀ ತರಗತಿ ನಕ್ಕಿತು. ಒಂದೂ ಪದ ತಪ್ಪಿಲ್ಲ, ಅರ್ಥ ಮಾತ್ರ ಇಲ್ಲ.

ಪದವೇ ಇಲ್ಲದ ಕಡೆ ಏನು ಮಾಡುವುದು? ಇಲ್ಲಿ ಎರಡು ಪದಗಳ ಕಥೆ ಕೇಳಿ. ಕಣ್ಣಿನ ಹಿಂಭಾಗದ ತೆಳು ಪೊರೆಗೆ ಗ್ರೀಕರು ಬಲೆಯಂಥದ್ದು ಎಂಬ ಹೆಸರಿಟ್ಟಿದ್ದರು. ನಮ್ಮ ಬೆಸ್ತರು ಬೀಸುವ ಬೀಸುಬಲೆ ಇದೆಯಲ್ಲ, ಅಂಥ ಬಲೆಗೆ ಗ್ರೀಕಿನಲ್ಲಿದ್ದ ಪದದಿಂದಲೇ ಅದು ಬಂದದ್ದು. ಆ ಉದ್ದನೆಯ ಗ್ರೀಕ್ ಪದವನ್ನು ಹಾಗೇ ಅರಬ್ಬಿ ಅಕ್ಷರದಲ್ಲಿ ಬರೆದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಅದರ ಅರ್ಥವನ್ನು ತಂದರು. ಶಬಕ ಎಂದರೆ ಬಲೆ, ಅದರಿಂದ ‘ಶಬಕಿಯ್ಯ’. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆಗೆ ಗ್ರೀಕರು ಕೊಂಬಿನಂಥದ್ದು ಎನ್ನುತ್ತಿದ್ದರು. ಖರ್ನ್ ಎಂದರೆ ಕೊಂಬು, ಅದರಿಂದ ‘ಖರ್ನಿಯ್ಯ’. ಹುನೈನ್ ಕಣ್ಣಿನ ಬಗ್ಗೆ ಬರೆದ ಹತ್ತು ಪ್ರಬಂಧಗಳ ಪುಸ್ತಕದಲ್ಲಿ ಈ ಪದಗಳು ಇವೆ. ಮೂರು ಶತಮಾನದ ನಂತರ ಸ್ಪೇನಿನಲ್ಲಿ ಅರಬ್ಬಿ ವೈದ್ಯ ಗ್ರಂಥಗಳನ್ನು ಲ್ಯಾಟಿನಿಗೆ ತಂದವರು ಮತ್ತೆ ಅರ್ಥವನ್ನೇ ಅನುಸರಿಸಿದರು. ಲ್ಯಾಟಿನ್ನಿನಲ್ಲಿ ಬಲೆಗೆ ‘ರೇಟೆ’, ಹಾಗಾಗಿ ರೆಟಿನಾ; ಕೊಂಬಿಗೆ ‘ಕೊರ್ನು’, ಹಾಗಾಗಿ ಕಾರ್ನಿಯಾ. ನಿಮ್ಮ ವಿಜ್ಞಾನ ಪುಸ್ತಕದಲ್ಲಿರುವ ರೆಟಿನಾ, ಉರ್ದು ಪುಸ್ತಕದಲ್ಲಿರುವ ಶಬಕಿಯಾ ಎರಡೂ ಒಂದೇ ಬಲೆ.

ಎರಡನೆಯ ಪದ ನಮ್ಮ ದೇಶದ್ದು. ವೃತ್ತದ ಕಂಸವನ್ನು ಬಿಲ್ಲೆಂದು ಭಾವಿಸಿ, ಅದರ ಎರಡು ತುದಿ ಸೇರಿಸುವ ಗೆರೆಯನ್ನು ಭಾರತೀಯ ಗಣಿತಜ್ಞರು ‘ಜ್ಯಾ’ ಅಥವಾ ‘ಜೀವಾ’ ಎಂದರು. ಅಂದರೆ ಬಿಲ್ಲಿನ ಹೆದೆ. ಲೆಕ್ಕಕ್ಕೆ ಬಳಸಿದ್ದು ಅದರ ಅರ್ಧ, ಹೆಸರು ಮಾತ್ರ ಅದೇ ಉಳಿಯಿತು. ಸಿಂದ್‌ಹಿಂದ್‌ನೊಂದಿಗೆ ಈ ಪದ ಬಾಗ್ದಾದಿಗೆ ಹೋದಾಗ ಅರ್ಥವನ್ನು ತರದೆ ಸದ್ದನ್ನು ಮಾತ್ರ ತಂದರು. ಅರಬ್ಬಿಯಲ್ಲಿ ‘ವಾ’ ಜಾಗದಲ್ಲಿ ‘ಬಾ’ ಬಂದು ‘ಜೀಬ’ ಆಯಿತು. ಬರೆದದ್ದು ಜೀಮ್, ಯೇ, ಬೇ ಮೂರೇ ಅಕ್ಷರ. ಸ್ವರಚಿಹ್ನೆ ಇಲ್ಲದೆ ಅದನ್ನು ‘ಜೈಬ್’ ಎಂದೂ ಓದಬಹುದು. ಅದು ಅರಬ್ಬರಿಗೆ ಗೊತ್ತಿದ್ದ ಪದ, ಉಡುಪಿನ ಕೊರಳ ಬಳಿಯ ತೆರಪು, ಮಡಿಕೆ. ಉರ್ದುವಿನ ‘ಜೇಬ್’, ನಮ್ಮ ಕನ್ನಡದ ಜೇಬು ಅದೇ. ಗೊತ್ತಿಲ್ಲದ ಪದಕ್ಕಿಂತ ಗೊತ್ತಿರುವ ಪದ ನಾಲಿಗೆಗೆ ಸುಲಭ. 12ನೇ ಶತಮಾನದಲ್ಲಿ ಲ್ಯಾಟಿನ್ ಅನುವಾದಕರು ಆ ಜೈಬನ್ನು ನೋಡಿ ಮಡಿಕೆ ಎಂಬ ಅರ್ಥದ ‘ಸೈನಸ್’ ಎಂದು ಬರೆದರು. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ನೀವು ಓದುವ ‘ಸೈನ್’ ಹೀಗೆ ಬಂದದ್ದು. ಲೆಕ್ಕ ಕೆಡಲಿಲ್ಲ, ಬಾಗ್ದಾದಿನವರು ಆ ಕೋಷ್ಟಕಗಳನ್ನು ಭಾರತದ್ದಕ್ಕಿಂತ ಇನ್ನೂ ನಿಖರ ಮಾಡಿದರು. ಆದರೆ ಬಿಲ್ಲಿನ ಹೆದೆ ದಾರಿಯಲ್ಲಿ ಎಲ್ಲೋ ಜೇಬಿನೊಳಗೆ ಬಿದ್ದು ಕಳೆದುಹೋಯಿತು.

ಈಗ ಬಹಳ ಮುಖ್ಯವಾದ ಮಾತಿಗೆ ಬರುತ್ತೇನೆ. ಅನುವಾದ ಎಷ್ಟು ನಿಷ್ಠೆಯದೋ ಮೂಲದ ತಪ್ಪೂ ಅಷ್ಟೇ ನಿಷ್ಠೆಯಿಂದ ಬರುತ್ತದೆ. ಗ್ಯಾಲೆನ್‌ನ ಕಾಲದ ರೋಮಿನಲ್ಲಿ ಮನುಷ್ಯನ ಶವವನ್ನು ಕೊಯ್ದು ನೋಡುವ ರೂಢಿ ಇರಲಿಲ್ಲ. ಅವನು ಮಂಗ, ಹಂದಿ ಮುಂತಾದ ಪ್ರಾಣಿಗಳನ್ನು ಕೊಯ್ದು ನೋಡಿ ಮನುಷ್ಯನ ಬಗ್ಗೆಯೂ ಹಾಗೆಯೇ ಎಂದು ಬರೆದ. ಮನುಷ್ಯನ ಕೆಳದವಡೆ ಎರಡು ಮೂಳೆಗಳಿಂದಾಗಿದ್ದು, ಅವು ಗಲ್ಲದಲ್ಲಿ ಗಟ್ಟಿಯಾಗಿ ಕೂಡಿವೆ ಎಂದು ಅವನ ಪುಸ್ತಕದಲ್ಲಿದೆ. ಅದು ಸರಿಯಾಗಿ ಅರಬ್ಬಿಗೂ ಬಂತು.

ಪುಸ್ತಕದ ಮಾತನ್ನು ಪರೀಕ್ಷಿಸುವ ಕೆಲಸ ಹುನೈನ್ ತೀರಿಕೊಂಡ ಮುಂದಿನ ತಲೆಮಾರಿನಲ್ಲೇ ಶುರುವಾಯಿತು. ರೈ ಪಟ್ಟಣದ ಹಕೀಮ್ ಝಕರಿಯಾ ರಾಝಿ (865–925) ಬಾಗ್ದಾದಿನ ಆಸ್ಪತ್ರೆಯಲ್ಲಿ ಕೆಲಸ ಮಾಡಿದವರು. ಜಾಲೀನೂಸನ ಮೇಲಿನ ಸಂದೇಹಗಳು ಎಂದೇ ಒಂದು ಪುಸ್ತಕ ಬರೆದರು. ಅವನು ನನ್ನ ಉಸ್ತಾದ್, ನನಗೆ ಬಹಳ ಉಪಕಾರ ಮಾಡಿದವನು ಎಂದು ಆರಂಭದಲ್ಲೇ ಒಪ್ಪಿಕೊಂಡು, ಆಮೇಲೆ ತಪ್ಪುಗಳನ್ನು ಹೇಳುತ್ತಾರೆ. ಮಿದುಳಿನ ಉರಿಯೂತದ ಲಕ್ಷಣ ಕಂಡವರಲ್ಲಿ ಒಂದು ಗುಂಪಿಗೆ ರಕ್ತ ತೆಗೆಯುವ ಚಿಕಿತ್ಸೆ ಮಾಡಿ, ಇನ್ನೊಂದು ಗುಂಪಿಗೆ ಬೇಕೆಂದೇ ಮಾಡದೆ ಬಿಟ್ಟು, ಎರಡನ್ನೂ ಹೋಲಿಸಿದ್ದಾಗಿ ಬರೆದಿದ್ದಾರೆ. ಅವರು ತೆಗೆದ ತೀರ್ಮಾನ ರಕ್ತ ತೆಗೆಯುವುದು ಒಳ್ಳೆಯದೆಂಬುದು. ಇಂದಿನ ವೈದ್ಯರು ಒಪ್ಪುವುದಿಲ್ಲ. ಆದರೆ ಎರಡು ಗುಂಪು ಮಾಡಿ ನೋಡಬೇಕೆಂಬ ಉಪಾಯ ಸರಿಯಾದದ್ದೇ.

ದವಡೆಯ ತಪ್ಪು ಸಿಕ್ಕಿದ್ದು ಇನ್ನೂ ತಡವಾಗಿ, ಬಾಗ್ದಾದಿನಲ್ಲಿ 1162ರಲ್ಲಿ ಹುಟ್ಟಿದ ಅಬ್ದುಲ್ ಲತೀಫ್ ಬಗ್ದಾದಿ ಎಂಬ ವೈದ್ಯರಿಗೆ. ಅವರು ಈಜಿಪ್ಟಿನಲ್ಲಿದ್ದಾಗ ನೈಲ್ ನದಿಯಲ್ಲಿ ನೀರು ಏರಲಿಲ್ಲ, 1200ರಿಂದ 1202ರವರೆಗೆ ಭೀಕರ ಬರ ಬಿತ್ತು. ಆ ಬರದ ಬಗ್ಗೆ ಅವರು ಬರೆದದ್ದನ್ನು ಮಕ್ಕಳ ಮುಂದೆ ಹೇಳಲಾಗದು. ಕೈರೋ ಹೊರಗಿನ ಮಕ್ಸ್ ಎಂಬಲ್ಲಿ ಹೂಳುವವರಿಲ್ಲದ ಶವಗಳು ಗುಡ್ಡವಾಗಿ ಬಿದ್ದಿದ್ದವು. ವೈದ್ಯಕೀಯ ಪಾಠ ಹೇಳುತ್ತಿದ್ದ ಅವರಿಗೆ ಪುಸ್ತಕದ ಮೂಳೆಗಳನ್ನು ವಿದ್ಯಾರ್ಥಿಗಳಿಗೆ ಮನದಟ್ಟು ಮಾಡುವುದು ಕಷ್ಟವಾಗುತ್ತಿತ್ತು. ಆ ಗುಡ್ಡದ ಸುದ್ದಿ ಕೇಳಿ ಅಲ್ಲಿಗೆ ಹೋಗಿ ಒಂದೊಂದೇ ತಲೆಬುರುಡೆಯನ್ನು ಎತ್ತಿ ನೋಡಿದರು. ಕೆಳದವಡೆಯಲ್ಲಿ ಕೂಡಿಕೆಯ ಗೆರೆ ಕಾಣಲಿಲ್ಲ. ತಮ್ಮ ಕಣ್ಣನ್ನೇ ನಂಬದೆ ಬೇರೆಯವರಿಂದಲೂ ನೋಡಿಸಿದರು. ಹೀಗೆ ನೋಡಿದ ಬುರುಡೆಗಳು ಎರಡು ಸಾವಿರಕ್ಕೂ ಹೆಚ್ಚು. ಎಲ್ಲದರಲ್ಲೂ ದವಡೆ ಒಂದೇ ಮೂಳೆ. ಜಾಲೀನೂಸ್ ಎಷ್ಟೇ ಎಚ್ಚರದ ಮನುಷ್ಯನಾಗಿದ್ದರೂ, ಅವನ ಮಾತಿಗಿಂತ ಕಣ್ಣಿನ ಸಾಕ್ಷಿ ಹೆಚ್ಚು ಸತ್ಯವೆಂದು ಬರೆದರು.

ಅವರ ಪ್ರಾಮಾಣಿಕತೆ ಇನ್ನೊಂದು ಕಡೆ ಕಾಣುತ್ತದೆ. ಬೆನ್ನುಮೂಳೆಯ ಕೆಳಗಿನ ತ್ರಿಕೋನಾಕಾರದ ಮೂಳೆ ಆರು ತುಂಡುಗಳಿಂದಾದದ್ದೆಂದು ಗ್ಯಾಲೆನ್ ಹೇಳಿದ್ದ. ಮಕ್ಸ್‌ನಲ್ಲಿ ಅದೂ ಒಂದೇ ಮೂಳೆಯಾಗಿ ಕಂಡಿತು. ಗ್ಯಾಲೆನ್ ಇಲ್ಲೂ ತಪ್ಪಿದ ಎಂದು ಬರೆದು ಸುಮ್ಮನಿರಬಹುದಿತ್ತು. ಆಮೇಲೆ ಬೂಸೀರ್ ಎಂಬಲ್ಲಿಯ ಹಳೆಯ ಗೋರಿಗಳ ಮೂಳೆಗಳನ್ನು ನೋಡಿದಾಗ ಕೆಲವದರಲ್ಲಿ ಕೂಡಿಕೆಯ ಗೆರೆಗಳು ಕಂಡವು. ಅದನ್ನೂ ಬರೆದು, ದವಡೆ ಮಾತ್ರ ಎಲ್ಲ ಕಡೆ ಒಂದೇ ಎಂದು ಸೇರಿಸಿದರು. ಇಂದು ಗೊತ್ತಿರುವಂತೆ ಬೆನ್ನಿನ ಆ ಮೂಳೆ ಬೇರೆ ಬೇರೆ ತುಂಡುಗಳಾಗಿದ್ದು ಪ್ರಾಯಕ್ಕೆ ಬಂದ ಮೇಲೆ ಬೆಸೆದುಕೊಳ್ಳುತ್ತದೆ. ದವಡೆಯೂ ಹುಟ್ಟುವಾಗ ಎರಡು ಭಾಗ, ಆದರೆ ಮೊದಲ ವರ್ಷದಲ್ಲೇ ಒಂದಾಗುತ್ತದೆ. ನಾಯಿಯಂಥ ಪ್ರಾಣಿಗಳಲ್ಲಿ ಜೀವನಪೂರ್ತಿ ಎರಡಾಗಿಯೇ ಉಳಿಯುತ್ತದೆ.

ಯುರೋಪಿನಲ್ಲಿ ವೆಸಾಲಿಯಸ್ 1543ರಲ್ಲಿ ಮನುಷ್ಯನ ಶರೀರದ ಬಗ್ಗೆ ತನ್ನ ದೊಡ್ಡ ಪುಸ್ತಕ ಪ್ರಕಟಿಸಿದಾಗ ಕೆಳದವಡೆ ಒಂದೇ ಮೂಳೆ ಎಂದು ಗ್ಯಾಲೆನ್‌ನನ್ನು ತಿದ್ದಿದ. ಅವನು ಅದನ್ನು ತಾನೇ ಕಂಡುಕೊಳ್ಳಬೇಕಾಯಿತು. ರಾಝಿ, ಇಬ್ನ್ ಸೀನಾ ಮುಂತಾದವರ ಪುಸ್ತಕಗಳು ಅಷ್ಟು ಹೊತ್ತಿಗೆ ಲ್ಯಾಟಿನಿನಲ್ಲಿ ಇದ್ದವು, ಅಬ್ದುಲ್ ಲತೀಫರ ಈಜಿಪ್ಟ್ ಪುಸ್ತಕ ಇರಲಿಲ್ಲ. ಅದರ ಪೂರ್ತಿ ಲ್ಯಾಟಿನ್ ಅನುವಾದ ಆಕ್ಸ್‌ಫರ್ಡಿನಲ್ಲಿ ಅಚ್ಚಾದದ್ದು 1800ರಲ್ಲಿ, ಅಂದರೆ ಆ ಬರ ಬಿದ್ದು ಆರುನೂರು ವರ್ಷ ಕಳೆದ ಮೇಲೆ. ಅಬ್ದುಲ್ ಲತೀಫರು ತಮ್ಮ ಕೈಯಲ್ಲೇ ಬರೆದ ಮೂಲಪ್ರತಿ ಈಗಲೂ ಅಲ್ಲಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ.